ಬೋರಾನಿಗೆ ಒಂದು ಎಲೆಕ್ಟ್ರಾನ್ ಕಡಿಮೆ

ಆವರ್ತ ಕೋಷ್ಟಕದಲ್ಲಿ ಒಂದರ ಕೆಳಗೊಂದು ಕುಳಿತ ಧಾತುಗಳು ಒಂದೇ ಮನೆತನದವು, ಅವುಗಳ ಗುಣವೂ ಹೆಚ್ಚುಕಡಿಮೆ ಒಂದೇ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಎರಡನೆಯ ಸಾಲಿನ ಧಾತುಗಳು, ಅಂದರೆ ಲಿಥಿಯಂನಿಂದ ಫ್ಲೋರಿನ್‌ವರೆಗಿನವು, ಈ ಮಾತಿಗೆ ಅಷ್ಟಾಗಿ ಒಗ್ಗುವುದಿಲ್ಲ. ಕಾರ್ಬನ್ ಮತ್ತು ಅದರ ಕೆಳಗಿನ ಸಿಲಿಕಾನ್ ಎರಡೂ ಆಕ್ಸಿಜನ್ನಿನೊಂದಿಗೆ ಸೇರಿ ಡೈಆಕ್ಸೈಡ್ ಆಗುತ್ತವೆ. ಕಾರ್ಬನ್ನಿನದು ನಾವು ಉಸಿರಾಡಿ ಬಿಡುವ ಅನಿಲ. ಸಿಲಿಕಾನಿನದು ಹೊಳೆದಂಡೆಯ ಮರಳು, ಅದು ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಬೇಕು. ಕಾರ್ಬನ್ ಟೆಟ್ರಾಕ್ಲೋರೈಡನ್ನು ನೀರಿಗೆ ಸುರಿದರೆ ಅದು ತಳ ಸೇರಿ ಸುಮ್ಮನೆ ಕೂರುತ್ತದೆ. ಸಿಲಿಕಾನ್ ಟೆಟ್ರಾಕ್ಲೋರೈಡ್ ತೇವದ ಗಾಳಿ ಸೋಕಿದರೂ ಸಾಕು, ಹೊಗೆಯಾಡುತ್ತ ಒಡೆದುಹೋಗುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಮುಖ್ಯವಾಗಿ ಎರಡು. ಒಂದು, ಎರಡನೆಯ ಸಾಲಿನ ಪರಮಾಣುಗಳು ತೀರಾ ಚಿಕ್ಕವು. ಅವುಗಳ ಹೊರ ಎಲೆಕ್ಟ್ರಾನುಗಳಿಗೂ ನ್ಯೂಕ್ಲಿಯಸ್ಸಿಗೂ ನಡುವೆ ತೆರೆಯಾಗಿ ನಿಲ್ಲುವುದು ಎರಡೇ ಎಲೆಕ್ಟ್ರಾನುಗಳ ಒಳಕವಚ. ಎರಡು, ಅವುಗಳ ಹೊರಕವಚದಲ್ಲಿ ಬಂಧಕ್ಕೆ ಒದಗುವ ಕಕ್ಷಕಗಳು ನಾಲ್ಕೇ: ಒಂದು 2s, ಮೂರು 2p. ಒಂದೊಂದರಲ್ಲಿ ಎರಡೆರಡರಂತೆ ಎಂಟು ಎಲೆಕ್ಟ್ರಾನುಗಳಿಗಷ್ಟೇ ಜಾಗ. ಹಾಗಾಗಿ ಬೋರಾನ್ ತನ್ನ ಸುತ್ತ ನಾಲ್ಕು ಫ್ಲೋರಿನ್‌ಗಳನ್ನು ಕೂರಿಸಿಕೊಂಡು BF₄⁻ ಆಗಿ ನಿಲ್ಲುತ್ತದೆ. ಕೆಳಮನೆಯ ಅಲ್ಯೂಮಿನಿಯಂ ಆರನ್ನು ಕೂರಿಸಿಕೊಂಡು AlF₆³⁻ ಆಗಬಲ್ಲದು. ಕೆಳಸಾಲಿನವು ತಮ್ಮ ಖಾಲಿ d ಕಕ್ಷಕಗಳನ್ನು ಬಳಸಿಕೊಳ್ಳುತ್ತವೆ ಎಂಬುದು ಇದಕ್ಕೆ ಪಠ್ಯಪುಸ್ತಕಗಳು ಬಹುಕಾಲ ಕೊಟ್ಟ ವಿವರಣೆ. ಈಚಿನ ಲೆಕ್ಕಾಚಾರಗಳು ಪರಮಾಣುವಿನ ಗಾತ್ರಕ್ಕೇ ಹೆಚ್ಚು ತೂಕ ಕೊಡುತ್ತವೆ: ದೊಡ್ಡ ಪರಮಾಣುವಿನ ಸುತ್ತ ಐದನೆಯದೋ ಆರನೆಯದೋ ಬಂದು ಕೂರಲು ಸ್ಥಳವಿದೆ, ಚಿಕ್ಕದರ ಸುತ್ತ ಇಲ್ಲ. ಸಿಲಿಕಾನ್ ಟೆಟ್ರಾಕ್ಲೋರೈಡಿನ ಮೇಲೆ ನೀರಿನ ಅಣು ದಾಳಿ ಮಾಡಲು ಸಿಗುವ ದಾರಿ ಇದೇ.

ಚಿಕ್ಕದಾಗಿರುವುದರಿಂದ ಒಂದು ಲಾಭವೂ ಇದೆ. ಇಂಥ ಎರಡು ಪರಮಾಣುಗಳು ಬಹಳ ಹತ್ತಿರ ಬರಬಲ್ಲವು. ಆಗ ಅವುಗಳ p ಕಕ್ಷಕಗಳು ಮಗ್ಗುಲಿನಿಂದಲೂ ಒಂದರ ಮೇಲೊಂದು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಹೀಗೆ ಏರ್ಪಡುವುದಕ್ಕೆ ಪೈ ಬಂಧವೆಂದು ಹೆಸರು. ಕಾರ್ಬನ್, ನೈಟ್ರೋಜನ್, ಆಕ್ಸಿಜನ್‌ಗಳಲ್ಲಿ ದ್ವಿಬಂಧ, ತ್ರಿಬಂಧಗಳು ಸಲೀಸಾಗಿ ಬರುವುದು ಇದರಿಂದಲೇ. ಸಿಲಿಕಾನಿನ ಪರಮಾಣುಗಳು ದೂರದೂರ ನಿಲ್ಲುವುದರಿಂದ ಅವುಗಳ ಪೈ ಬಂಧ ಸಡಿಲ. ಇದೊಂದು ವ್ಯತ್ಯಾಸ ಎಷ್ಟು ದೂರ ಎಳೆದೊಯ್ಯುತ್ತದೆ ಎಂಬುದನ್ನು ಕಾರ್ಬನ್ನಿನ ಬಹುರೂಪಗಳಲ್ಲಿ ನೋಡಬಹುದು.

ಕಾರ್ಬನ್ನಿನ ಹೊರ ಎಲೆಕ್ಟ್ರಾನುಗಳು ನಾಲ್ಕು, ಕಕ್ಷಕಗಳೂ ನಾಲ್ಕು. ಲೆಕ್ಕ ಸರಿಹೋಗುತ್ತದೆ. ವಜ್ರದಲ್ಲಿ ಪ್ರತಿ ಪರಮಾಣುವೂ ನಾಲ್ಕು ದಿಕ್ಕಿನ ನಾಲ್ಕು ನೆರೆಯವರಿಗೆ ಒಂದೊಂದು ಬಂಧ ಕೊಟ್ಟು ತನ್ನ ಎಲ್ಲ ಎಲೆಕ್ಟ್ರಾನುಗಳನ್ನೂ ಖರ್ಚು ಮಾಡಿಬಿಡುತ್ತದೆ. ಓಡಾಡಲು ಒಂದೂ ಉಳಿದಿರದ ಕಾರಣ ವಜ್ರದಲ್ಲಿ ವಿದ್ಯುತ್ ಹರಿಯದು. ಗ್ರಾಫೈಟಿನಲ್ಲಿ ಪರಮಾಣು ಒಂದೇ ಸಮತಲದ ಮೂರು ನೆರೆಯವರನ್ನು ಹಿಡಿದು ನಾಲ್ಕನೆಯ ಎಲೆಕ್ಟ್ರಾನನ್ನು ಹಾಳೆಯಿಡೀ ಹರಡಿದ ಪೈ ಬಂಧಕ್ಕೆ ಬಿಟ್ಟುಕೊಡುತ್ತದೆ. ಹಾಳೆಯೊಳಗೆ ಪರಮಾಣುಗಳ ಅಂತರ 142 ಪಿಕೋಮೀಟರ್, ವಜ್ರದ 154ಕ್ಕಿಂತಲೂ ಕಡಿಮೆ. ಅಂದರೆ ಮೆತ್ತಗಿನ ಗ್ರಾಫೈಟಿನ ಒಳಗಿರುವ ಬಂಧ ವಜ್ರದ ಬಂಧಕ್ಕಿಂತ ಗಟ್ಟಿ. ಮೆತ್ತಗಿರುವುದು ಹಾಳೆ ಹಾಳೆಗಳ ನಡುವಿನ ಹಿಡಿತ ಮಾತ್ರ. ಅಲ್ಲಿ ಅಂತರ 335 ಪಿಕೋಮೀಟರ್. ಪೆನ್ಸಿಲ್ ಕಾಗದದ ಮೇಲೆ ಗೆರೆ ಬಿಡುವುದು ಆ ಹಿಡಿತ ಸಡಿಲವಾಗಿರುವುದರಿಂದ. ಆದರೆ ಗ್ರಾಫೈಟಿನ ಜಾರುಗುಣಕ್ಕೆ ಹಾಳೆಗಳಷ್ಟೇ ಸಾಲವು, ಅದರ ಮೇಲ್ಮೈಗೆ ಅಂಟಿದ ತೇವವೂ ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಹಳ ಎತ್ತರಕ್ಕೆ ಹಾರಿದ ವಿಮಾನಗಳ ಜನರೇಟರುಗಳಲ್ಲಿ ಕಾರ್ಬನ್ ಬ್ರಶ್‌ಗಳು ಬೇಗ ಸವೆದು ಪುಡಿಯಾಗತೊಡಗಿದಾಗ ಈ ಸಂಗತಿ ಎದ್ದು ಕಂಡಿತು.

ಸಾಧಾರಣ ಒತ್ತಡದಲ್ಲಿ ಹೆಚ್ಚು ಸ್ಥಿರವಾದ ರೂಪ ಗ್ರಾಫೈಟ್, ವಜ್ರವಲ್ಲ. ವಜ್ರದ ಆಭರಣ ಪೆನ್ಸಿಲ್ ಕಡ್ಡಿಯಾಗದೆ ಉಳಿದಿರುವುದು ಅಷ್ಟೊಂದು ಬಂಧಗಳನ್ನು ಮುರಿದು ಮತ್ತೆ ಕಟ್ಟಲು ಬೇಕಾದ ಶಕ್ತಿ ಮನೆಯ ತಾಪದಲ್ಲಿ ಸಿಗದ ಕಾರಣ. 1985ರಲ್ಲಿ ಕ್ರೋಟೊ, ಕರ್ಲ್ ಮತ್ತು ಸ್ಮಾಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಲೇಸರ್‌ನಿಂದ ಗ್ರಾಫೈಟನ್ನು ಆವಿ ಮಾಡಿದಾಗ 60 ಪರಮಾಣುಗಳ ಪಂಜರವೊಂದು ಸಿಕ್ಕಿತು. 20 ಷಡ್ಭುಜ, 12 ಪಂಚಭುಜಗಳ ಈ C₆₀ ಕೂಡ ಪೈ ಬಂಧದ ಕೂಸೇ. ಬರೀ ಷಡ್ಭುಜಗಳಿದ್ದರೆ ಹಾಳೆ ಚಪ್ಪಟೆಯಾಗಿರುತ್ತದೆ, ಪಂಚಭುಜ ಬಂದಲ್ಲಿ ಅದು ಬಾಗುತ್ತದೆ. ಮುಂದೆ ನ್ಯಾನೋಕೊಳವೆ ಬಂತು, 2004ರಲ್ಲಿ ಒಂದೇ ಹಾಳೆಯ ಗ್ರಾಫೀನ್ ಬಂತು. ಸಿಲಿಕಾನಿಗೆ ಸಹಜವಾಗಿರುವುದು ವಜ್ರದಂಥ ರಚನೆಯೊಂದೇ. ಗ್ರಾಫೈಟಿನಂತೆ ಹಾಳೆಹಾಳೆಯಾಗಿ ನಿಲ್ಲುವ ಸಿಲಿಕಾನ್ ಪ್ರಕೃತಿಯಲ್ಲಿಲ್ಲ.

ಕಾರ್ಬನ್ನಿನಿಂದ ಒಂದು ಮನೆ ಎಡಕ್ಕೆ ಸರಿದರೆ ಬೋರಾನ್. ಕಕ್ಷಕಗಳು ಇಲ್ಲೂ ನಾಲ್ಕು. ಎಲೆಕ್ಟ್ರಾನುಗಳು ಮಾತ್ರ ಮೂರು. ಮೂರನ್ನೂ ಬಂಧಕ್ಕೆ ಕೊಟ್ಟರೆ ಸುತ್ತ ಸೇರುವುದು ಆರು ಎಲೆಕ್ಟ್ರಾನ್. ಒಂದು ಕಕ್ಷಕ ಖಾಲಿ ಬೀಳುತ್ತದೆ. ಬೋರಾನ್ ರಸಾಯನದ ವಿಚಿತ್ರಗಳೆಲ್ಲ ಈ ಖಾಲಿ ಜಾಗವನ್ನು ತುಂಬುವ ಬಗೆಗಳು.

ಕೆಲವು ಸುಲಭವಾದವು. ಬೋರಾನ್ ಟ್ರೈಫ್ಲೋರೈಡಿನಲ್ಲಿ ಫ್ಲೋರಿನ್ ತನ್ನ ಬಳಿಯ ಜೋಡಿ ಎಲೆಕ್ಟ್ರಾನನ್ನು ಬೋರಾನಿನ ಖಾಲಿ ಕಕ್ಷಕದ ಕಡೆಗೆ ಒಂದಿಷ್ಟು ವಾಲಿಸುತ್ತದೆ. ಹೊರಗಿನಿಂದ ಅಮೋನಿಯಾ ಬಂದರೆ ಅದರ ಜೋಡಿಯನ್ನೇ ಪೂರ್ತಿ ಪಡೆದು ಬೋರಾನ್ ನಾಲ್ಕು ಬಂಧಗಳ ಗಟ್ಟಿ ಸಂಯುಕ್ತವಾಗುತ್ತದೆ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರ್ ಆಮ್ಲವಾಗುವುದೂ ಇದೇ ದಾರಿಯಲ್ಲಿ. ಅದು ತನ್ನ ಹೈಡ್ರೋಜನ್ನನ್ನು ಕಳಚಿ ಕೊಡುವುದಿಲ್ಲ. ನೀರಿನಿಂದ OH⁻ ಕಸಿದುಕೊಂಡು B(OH)₄⁻ ಆಗುತ್ತದೆ, H⁺ ಉಳಿಯುವುದು ನೀರಿನದು. ಅಕ್ಕಸಾಲಿಗರ ಬಿಳಿಗಾರವನ್ನು ಆಮ್ಲದೊಂದಿಗೆ ಸೇರಿಸಿ ತೆಗೆಯುವ ಈ ಪುಡಿ ಬಲು ಸೌಮ್ಯ ಆಮ್ಲವಾಗಿರಲು ಅದೂ ಒಂದು ಕಾರಣ.

ಹೈಡ್ರೋಜನ್ನಿನ ಜೊತೆ ಬೋರಾನ್ ಸೇರಿದಾಗ ಈ ಉಪಾಯಗಳು ನಡೆಯವು. ಹೈಡ್ರೋಜನ್ನಿನ ಬಳಿ ವಾಲಿಸಲು ಉಳಿದ ಜೋಡಿಯೇ ಇಲ್ಲ. BH₃ ಒಂಟಿಯಾಗಿ ನಿಲ್ಲಲಾರದು. ಎರಡು ಸೇರಿ ಡೈಬೋರೇನ್, B₂H₆ ಆಗುತ್ತವೆ. ಬೋರಾನ್ ಹೈಡ್ರೈಡುಗಳನ್ನು ಮೊದಲು ಕ್ರಮವಾಗಿ ತಯಾರಿಸಿದವನು ಜರ್ಮನಿಯ ಆಲ್ಫ್ರೆಡ್ ಸ್ಟಾಕ್. ಅವನ ಕೆಲಸ ಆರಂಭವಾದದ್ದು 1912ರ ಹೊತ್ತಿಗೆ. ಗಾಳಿ ಸೋಕಿದರೆ ಹೊತ್ತಿಕೊಳ್ಳುವ, ನೀರು ತಗುಲಿದರೆ ಒಡೆಯುವ ಈ ಅನಿಲಗಳಿಗಾಗಿ ಅವನು ಗಾಳಿ ತೆಗೆದ ಗಾಜಿನ ಕೊಳವೆಗಳ ಜಾಲವನ್ನೇ ಕಟ್ಟಿದ. ಅದರ ಕವಾಟಗಳಿಗೆ ಪಾದರಸ ಬಳಸಿದ್ದರಿಂದ ವರ್ಷಗಳ ಕಾಲ ಅದರ ಆವಿ ಸೇವಿಸಿ ಕಾಯಿಲೆ ಬಿದ್ದ. ಪಾದರಸದ ವಿಷದ ಬಗ್ಗೆ 1926ರಲ್ಲಿ ಅವನು ಬರೆದ ಎಚ್ಚರಿಕೆ ಅವನ ಬೋರೇನುಗಳಷ್ಟೇ ಬೆಲೆಯುಳ್ಳದ್ದು.

ಸ್ಟಾಕ್‌ನ ಅನಿಲ ರಸಾಯನಜ್ಞರನ್ನು ಪೇಚಿಗೆ ಸಿಲುಕಿಸಿತು. ಸೂತ್ರವನ್ನು ನೋಡಿದರೆ ಈಥೇನ್, C₂H₆, ನೆನಪಾಗುತ್ತದೆ. ಈಥೇನಿನಲ್ಲಿ ಬಂಧಗಳು ಏಳು: ಆರು ಕಾರ್ಬನ್-ಹೈಡ್ರೋಜನ್, ಒಂದು ಕಾರ್ಬನ್-ಕಾರ್ಬನ್. ಬಂಧಕ್ಕೆ ಎರಡರಂತೆ 14 ಎಲೆಕ್ಟ್ರಾನ್ ಬೇಕು; ಕಾರ್ಬನ್ನುಗಳದು 8, ಹೈಡ್ರೋಜನ್‌ಗಳದು 6, ಸರಿಯಾಗಿ 14 ಇವೆ. ಡೈಬೋರೇನಿನಲ್ಲಿ ಬೋರಾನುಗಳದು 6, ಹೈಡ್ರೋಜನ್‌ಗಳದು 6, ಕೂಡಿದರೆ 12. ಎರಡು ಕಡಿಮೆ. ಆದರೂ ಅಣು ಇದೆ, ಬಾಟಲಿಯಲ್ಲಿ ತುಂಬಿಡಬಹುದು. ಲೈನಸ್ ಪೌಲಿಂಗ್‌ನಂಥ ಘಟಾನುಘಟಿಯೂ ಈಥೇನಿನ ಆಕಾರವನ್ನೇ ಹಿಡಿದು, ಕೊರತೆ ಎಲ್ಲ ಬಂಧಗಳಿಗೂ ಹಂಚಿಹೋಗಿದೆ ಎಂದು ವಾದಿಸಿದ.

ಉತ್ತರದ ಸುಳಿವು ಅಣುವಿನ ನಡತೆಯಲ್ಲೇ ಇತ್ತು. ಡೈಬೋರೇನಿನ ಹೈಡ್ರೋಜನ್‌ಗಳನ್ನು ತೆಗೆದು ಆ ಜಾಗದಲ್ಲಿ ಮೀಥೈಲ್ ಗುಂಪುಗಳನ್ನು ಕೂರಿಸುತ್ತ ಹೋದರೆ ನಾಲ್ಕರವರೆಗೆ ಅಣು ಹಾಗೇ ಇರುತ್ತದೆ; ಅದನ್ನು ಮೀರಿ ಸೇರಿಸಲು ಹೊರಟರೆ ಅಣು ಇಬ್ಭಾಗವಾಗುತ್ತದೆ. ಆರು ಹೈಡ್ರೋಜನ್‌ಗಳೂ ಒಂದೇ ಬಗೆಯವಾಗಿದ್ದರೆ ನಾಲ್ಕಕ್ಕೇ ತಡೆ ಬೀಳಲು ಕಾರಣವಿಲ್ಲ. ಎರಡು ಹೈಡ್ರೋಜನ್‌ಗಳು ಬೇರೆ ಕೆಲಸದಲ್ಲಿವೆ, ಎರಡು ಬೋರಾನುಗಳನ್ನು ಹಿಡಿದಿಟ್ಟಿರುವವು ಅವೇ ಎಂದರೆ ಎಲ್ಲವೂ ಹೊಂದುತ್ತದೆ. ಸೇತುವೆಯಂಥ ಹೈಡ್ರೋಜನ್ನಿನ ಸೂಚನೆಯನ್ನು 1921ರಲ್ಲೇ ಡಿಲ್ಥಿ ಎಂಬವರು ಕೊಟ್ಟಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. 1943ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿ ಲಾಂಗೆಟ್-ಹಿಗ್ಗಿನ್ಸ್ ತನ್ನ ಅಧ್ಯಾಪಕ ಬೆಲ್ ಜೊತೆ ಸೇರಿ ಅದನ್ನು ಮತ್ತೆ ಎತ್ತಿ ಸಮರ್ಥಿಸಿದ.

ಲೆಕ್ಕ ಹೀಗೆ ಕೂಡುತ್ತದೆ. ಪ್ರತಿ ಬೋರಾನಿನ ಹೊರಗಡೆಗೆ ಎರಡೆರಡು ಸಾಮಾನ್ಯ ಬಂಧಗಳು. ನಾಲ್ಕು ಬಂಧಗಳಿಗೆ 8 ಎಲೆಕ್ಟ್ರಾನ್ ಖರ್ಚು. ಉಳಿದ 4ರಲ್ಲಿ ಎರಡು ಸೇತುವೆಗಳು ಕಟ್ಟಬೇಕು. ಒಂದೊಂದು ಸೇತುವೆಯಲ್ಲೂ ಬೋರಾನ್-ಹೈಡ್ರೋಜನ್-ಬೋರಾನ್ ಎಂಬ ಮೂರು ಪರಮಾಣುಗಳನ್ನು ಒಂದೇ ಜೋಡಿ ಎಲೆಕ್ಟ್ರಾನ್ ಹಿಡಿದಿರುತ್ತದೆ, ಚಳಿಯಲ್ಲಿ ಮೂವರು ಒಂದೇ ಕಂಬಳಿ ಹೊದ್ದ ಹಾಗೆ. ಇದು ಮೂರು ಕೇಂದ್ರಗಳ ಎರಡು ಎಲೆಕ್ಟ್ರಾನುಗಳ ಬಂಧ. ಒಂದೇ ಜೋಡಿಯನ್ನು ಮೂವರು ಹಂಚಿಕೊಂಡಾಗ ಹಿಡಿತ ಸಡಿಲವಾಗಬೇಕು. ಅಳತೆಯಲ್ಲಿ ಅದು ಕಾಣುತ್ತದೆ. ಹೊರಗಿನ ಬೋರಾನ್-ಹೈಡ್ರೋಜನ್ ಅಂತರ 119 ಪಿಕೋಮೀಟರ್ ಇದ್ದರೆ ಸೇತುವೆಯದು 134ರಷ್ಟು. ಹೊರಗಿನ ನಾಲ್ಕು ಹೈಡ್ರೋಜನ್‌ಗಳು ಮತ್ತು ಎರಡು ಬೋರಾನುಗಳು ಒಂದೇ ಸಮತಲದಲ್ಲಿರುತ್ತವೆ; ಸೇತುವೆಯ ಒಂದು ಹೈಡ್ರೋಜನ್ ಆ ತಲದ ಮೇಲೆ, ಇನ್ನೊಂದು ಕೆಳಗೆ. 1940ರ ದಶಕದ ಕೊನೆಯ ಅವಗೆಂಪು ರೋಹಿತವೂ 1951ರಲ್ಲಿ ಹೆಡ್‌ಬರ್ಗ್ ಮತ್ತು ಶೋಮೇಕರ್ ನಡೆಸಿದ ಎಲೆಕ್ಟ್ರಾನ್ ವಿವರ್ತನೆಯೂ ಈ ಚಿತ್ರವನ್ನೇ ಎತ್ತಿಹಿಡಿದವು. ಪೌಲಿಂಗ್ ಬೆಂಬಲಿಸಿದ ಆಕಾರ ಬಿದ್ದುಹೋಯಿತು.

ಬೋರಾನಿನ ಕೆಳಗಿರುವ ಅಲ್ಯೂಮಿನಿಯಂಗೂ ಎಲೆಕ್ಟ್ರಾನ್ ಕೊರತೆಯಿದೆ, ಆದರೆ ಅದರ ಕ್ಲೋರೈಡ್ ಕ್ಲೋರಿನ್ನಿನ ಜೋಡಿಗಳನ್ನೇ ಬಳಸಿ Al₂Cl₆ ಆಗಿ ಸುಲಭವಾಗಿ ಪಾರಾಗುತ್ತದೆ. BCl₃ ಹಾಗೆ ಇಮ್ಮಡಿಯಾಗದು: ಚಿಕ್ಕ ಬೋರಾನಿನ ಸುತ್ತ ನಾಲ್ಕು ದೊಡ್ಡ ಕ್ಲೋರಿನ್‌ಗಳು ಇಕ್ಕಟ್ಟಾಗುತ್ತವೆ, ಜೊತೆಗೆ ಕ್ಲೋರಿನ್ ತನ್ನ ಜೋಡಿಯನ್ನು ವಾಲಿಸಿ ಕೊರತೆಯನ್ನು ಅಷ್ಟಿಷ್ಟು ನೀಗಿಸಿರುತ್ತದೆ. ಗಾತ್ರವೆಂಬ ಮೊದಲ ಕಾರಣ ಇಲ್ಲೂ ತಲೆಹಾಕುತ್ತದೆ.

ಬೋರಾನ್ ಪರಮಾಣುಗಳು ನಾಲ್ಕು, ಐದು, ಹತ್ತು ಸೇರಿದಾಗ ಹಂಚಿಕೊಳ್ಳುವಿಕೆ ಇನ್ನೂ ಹಬ್ಬುತ್ತದೆ. ಬಂಧಗಳು ಎರಡು ಪರಮಾಣುಗಳ ನಡುವೆ ನಿಲ್ಲದೆ ಪಂಜರವನ್ನಿಡೀ ಆವರಿಸುತ್ತವೆ. ಇವುಗಳ ರಚನೆಯನ್ನು ಬಿಡಿಸಿದ್ದಕ್ಕೆ ವಿಲಿಯಂ ಲಿಪ್ಸ್‌ಕಾಂಬ್ 1976ರಲ್ಲಿ ನೊಬೆಲ್ ಪಡೆದ. ಶುದ್ಧ ಬೋರಾನ್ ಕೂಡ ಇದೇ ದಾರಿ ಹಿಡಿದಿದೆ: ಅದರ ಹರಳುಗಳಲ್ಲಿ ಹನ್ನೆರಡು ಮೂಲೆಗಳ, ಇಪ್ಪತ್ತು ತ್ರಿಕೋನಗಳ B₁₂ ಪಂಜರಗಳು ಒಂದಕ್ಕೊಂದು ಕೂಡಿಕೊಂಡಿವೆ. ಹಲವು ಪಂಜರಗಳು ಬೆಸೆದುಕೊಂಡಾಗ ಎಷ್ಟು ಜೋಡಿ ಎಲೆಕ್ಟ್ರಾನ್ ಬೇಕೆಂದು ಎಣಿಸುವ ನಿಯಮವನ್ನು 2001ರಲ್ಲಿ ರೂಪಿಸಿದವರು ಇ.ಡಿ. ಜೆಮ್ಮಿಸ್ ಮತ್ತು ಸಹೋದ್ಯೋಗಿಗಳು. ಆಗ ಹೈದರಾಬಾದಿನಲ್ಲಿದ್ದ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬೋರಾನಿನ ಒಂದು ಹರಳುರೂಪದಲ್ಲಿ ಕೆಲವು ಜಾಗಗಳಲ್ಲಿ ಪರಮಾಣುಗಳು ಏಕೆ ಕಾಣೆಯಾಗಿರುತ್ತವೆ ಎಂಬುದಕ್ಕೂ ಈ ಎಣಿಕೆ ಕಾರಣ ಕೊಡುತ್ತದೆ.