ಟಿವಿ ಒಡೆದರೆ ಯಾರು ಹೊಣೆ?

ನಲವತ್ತು ಸಾವಿರದ ಟಿವಿಯನ್ನು 24 ತಿಂಗಳ ಕಂತಿನಲ್ಲಿ ಕೊಂಡಿದ್ದೀರಿ ಎನ್ನಿ. ಕಂಪನಿಯ ವಾರಂಟಿ ಒಂದು ವರ್ಷ. ಅಂಗಡಿಯವರು ಇನ್ನೆರಡು ವರ್ಷದ ವಿಸ್ತೃತ ವಾರಂಟಿಯನ್ನೂ ಬಿಲ್ಲಿಗೆ ಸೇರಿಸಿದ್ದಾರೆ.

ಎಂಟನೇ ತಿಂಗಳಲ್ಲಿ ಮಗುವಿನ ಚೆಂಡು ಬಡಿದು ಪರದೆ ಸೀಳಿತು. ಎರಡೂ ವಾರಂಟಿಗಳು ಕೈಚೆಲ್ಲುತ್ತವೆ. ಅವು ನೋಡುವುದು ತಯಾರಿಕೆಯ ದೋಷವನ್ನು, ಹೊರಗಿನ ಪೆಟ್ಟನ್ನಲ್ಲ. ಮೇಲಾಗಿ ವಿಸ್ತೃತ ವಾರಂಟಿ ಸಾಮಾನ್ಯವಾಗಿ ಶುರುವಾಗುವುದೇ ಹದಿಮೂರನೇ ತಿಂಗಳಿಂದ. ಇಲ್ಲಿ ಬೇಕಿದ್ದದ್ದು ಆಕಸ್ಮಿಕ ಹಾನಿ ವಿಮೆ. ಆದರೆ ಅದೂ ಪೂರ್ತಿ ಹಣ ಕೊಡಲಿಕ್ಕಿಲ್ಲ. ಸವಕಳಿ ಶೇ. 20 ಎಂದಿದ್ದರೆ, 25,000 ರೂಪಾಯಿಯ ಪರದೆಗೆ 5,000 ನಿಮ್ಮದೇ. ತಡವಾಗಿ ತಿಳಿಸಿದರೆ ಕ್ಲೇಮು ತಿರಸ್ಕಾರವಾಗಬಹುದು.

ಹದಿನೈದನೇ ತಿಂಗಳಲ್ಲಿ ಪೆಟ್ಟೇ ಬೀಳದೆ ಪರದೆ ಮೇಲೆ ಗೆರೆ ಮೂಡಿದರೆ ಲೆಕ್ಕ ತಿರುಗುತ್ತದೆ: ವಿಸ್ತೃತ ವಾರಂಟಿ ರಿಪೇರಿ ಮಾಡಿಸುತ್ತದೆ, ವಿಮೆ ಒಪ್ಪುವುದಿಲ್ಲ.

ನನಗೆ ಹೆಚ್ಚು ಕಳವಳ ವೋಲ್ಟೇಜ್ ಏರುಪೇರಿನದು. ಅನೇಕ ವಾರಂಟಿಗಳು ಅದನ್ನು ಹೊರಗಿಡುತ್ತವೆ. ವಿಮೆಯಲ್ಲೂ ಅದು ಸ್ಪಷ್ಟವಾಗಿ ಬರೆದಿದ್ದರಷ್ಟೇ ಉಂಟು. ಸಹಿ ಹಾಕುವ ಮೊದಲು ಆ ಸಾಲನ್ನೇ ಹುಡುಕಿ. ಟಿವಿ ಕೆಟ್ಟು ಕೂತರೂ ಸಾಲ ಕೊಟ್ಟ ಸಂಸ್ಥೆಗೆ ಕಂತು ಕಟ್ಟಲೇಬೇಕು. ಎರಡರಲ್ಲಿ ಯಾವುದೂ ಅದನ್ನು ತೀರಿಸುವುದಿಲ್ಲ.