ಹಾಲು ಕುಡಿದ್ರೆ ಹೊಟ್ಟೆ ಉಬ್ಬರ: ಕಾರಣ ಲ್ಯಾಕ್ಟೋಸೇನಾ?

ಪುಣೆಯಲ್ಲಿರೋ ನನ್ನ ಗೆಳೆಯ ಜಿಮ್ ಮುಗಿಸಿ ಖಾಲಿ ಹೊಟ್ಟೆಗೆ 300 ಮಿಲಿ ಹಾಲು ಕುಡೀತಿದ್ದ. ಒಂದೂವರೆ ಗಂಟೆಯೊಳಗೆ ಹೊಟ್ಟೆ ಗುಡುಗುಡು, ಗ್ಯಾಸ್, ಆಮೇಲೆ ಭೇದಿ. ಆದರೆ ಮೊಸರನ್ನ ತಿಂದ್ರೆ ಏನೂ ಆಗಲ್ಲ, ಕಾಫಿ ಕುಡಿದ್ರೂ ಇಲ್ಲ. "ಹಾಲು ಆಗಲ್ಲ ಅಂದ್ರೆ ಇವೂ ಆಗಬಾರದಲ್ವಾ?" ಅಂತ ಅವನ ಪ್ರಶ್ನೆ.

ಹಾಗೇನಿಲ್ಲ, ಇದು ಪ್ರಮಾಣದ ಲೆಕ್ಕ. ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯೋಕೆ ಸಣ್ಣಕರುಳಿನಲ್ಲಿ ಲ್ಯಾಕ್ಟೇಸ್ ಅನ್ನೋ ಕಿಣ್ವ ಬೇಕು. ಬಾಲ್ಯ ದಾಟಿದ ಮೇಲೆ ಬಹಳ ಜನರಲ್ಲಿ ಅದು ಕಡಿಮೆಯಾಗುತ್ತೆ. ಒಡೆಯದೆ ಉಳಿದ ಲ್ಯಾಕ್ಟೋಸ್ ಕರುಳಿನೊಳಗೆ ನೀರು ಎಳೆಯುತ್ತೆ, ಅದರಿಂದ ಭೇದಿ. ದೊಡ್ಡಕರುಳಿನ ಬ್ಯಾಕ್ಟೀರಿಯಾ ಅದನ್ನೇ ಹುದುಗಿಸುತ್ತವೆ, ಅದರಿಂದ ಗ್ಯಾಸ್. 300 ಮಿಲಿ ಹಾಲಿನಲ್ಲಿ ಸುಮಾರು 14 ಗ್ರಾಂ ಲ್ಯಾಕ್ಟೋಸ್ ಇದ್ರೆ, ಕಾಫಿಗೆ ಹಾಕೋ 50 ಮಿಲಿಯಲ್ಲಿ ಎರಡೂವರೆ ಗ್ರಾಂ ಕೂಡ ಇರಲ್ಲ. ಮೊಸರಿನಲ್ಲಿ ಒಂದಿಷ್ಟನ್ನು ಹೆಪ್ಪಿನ ಬ್ಯಾಕ್ಟೀರಿಯಾಗಳೇ ಮುಗಿಸಿರುತ್ತವೆ.

"ಹಾಲು ಬಿಟ್ಟೆ, ಸರಿಹೋಯ್ತು" ಅನ್ನೋದು ಸಾಕ್ಷಿ ಅಲ್ಲ. ಹಾಲಿನ ಜೊತೆ ಇನ್ನೇನೋ ಬಿಟ್ಟಿರ್ತೀವಿ. ಕೋಡ್‌ನಲ್ಲಿ ಬಗ್ ಹುಡುಕುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡ್ತೀವಲ್ಲ, ಇಲ್ಲೂ ಹಾಗೇ.

ಮೊದಲು ಎರಡು ವಾರ ಹಾಲು, ಐಸ್‌ಕ್ರೀಮ್, ಪೇಡಾ, ಹಾಲಿನ ಪುಡಿ ಇರೋ ಬಿಸ್ಕತ್ತು ಎಲ್ಲ ನಿಲ್ಲಿಸಿ. ತುಪ್ಪ ಇರಲಿ, ಅದರಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಉಳಿದ ಊಟ ಬದಲಿಸಬೇಡಿ. ಆಮೇಲೆ ಒಂದು ಬೆಳಿಗ್ಗೆ ಲ್ಯಾಕ್ಟೋಸ್-ಫ್ರೀ ಹಾಲು 300 ಮಿಲಿ ಕುಡಿದು, ಸಂಜೆವರೆಗೆ ಏನಾಯ್ತು ಅಂತ ಬರೆದಿಡಿ. ಎರಡು ದಿನ ಬಿಟ್ಟು ಅಷ್ಟೇ ಮಾಮೂಲಿ ಹಾಲು ಕುಡೀರಿ. ಇದನ್ನು ಇನ್ನೊಂದು ಸಲ ಮಾಡಿ. ಯಾವ ಹಾಲು ಅಂತ ಹೇಳದೆ ಮನೆಯವರು ಕೊಟ್ಟರೆ ಇನ್ನೂ ಒಳ್ಳೇದು. ಆದ್ರೆ ಲ್ಯಾಕ್ಟೋಸ್-ಫ್ರೀ ಹಾಲು ಸ್ವಲ್ಪ ಸಿಹಿ, ನಾಲಿಗೆಗೆ ಗೊತ್ತಾಗಿಬಿಡುತ್ತೆ!

ಗೆಳೆಯನಿಗೆ ಎರಡೂ ಸಲ ಮಾಮೂಲಿ ಹಾಲಿಗೆ ಮಾತ್ರ ತೊಂದರೆ ಆಯ್ತು. ಆಮೇಲೆ ತಿಂಡಿ ಜೊತೆ 100 ಮಿಲಿ ಕುಡಿದು ನೋಡಿದ, ಏನೂ ಆಗ್ಲಿಲ್ಲ. ಈಗ ಅದೇ ಅವನ ಮಿತಿ.

ಎರಡೂ ಹಾಲಿಗೆ ಒಂದೇ ಥರ ತೊಂದರೆ ಆದ್ರೆ ಕಾರಣ ಲ್ಯಾಕ್ಟೋಸ್ ಅಲ್ಲ, ಯಾಕಂದ್ರೆ ಪ್ರೋಟೀನ್, ಕೊಬ್ಬು ಎರಡರಲ್ಲೂ ಇರುತ್ತೆ. ಹಾಲು ಬಿಟ್ಟ ವಾರಗಳಲ್ಲೂ ಉಬ್ಬರ ಇದ್ರೆ, ಈರುಳ್ಳಿ, ರಾಜ್ಮಾ ತಿಂದಾಗಲೂ ಹಾಗೇ ಆದ್ರೆ, ಐಬಿಎಸ್ ಇರಬಹುದು. ಹೊಟ್ಟೆ ಕೆಟ್ಟು ಭೇದಿಯಾದ ಮೇಲೆ ಕೆಲವು ವಾರ ಮಾತ್ರ ಹಾಲು ಆಗದೇ ಇರೋದೂ ಉಂಟು, ಕರುಳು ಸುಧಾರಿಸಿದ ಮೇಲೆ ಅದು ಹೋಗುತ್ತೆ.

ಹಾಲು ಕುಡಿದ್ರೆ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಆಗೋರು ಇದನ್ನು ಮಾಡಲೇಬೇಡಿ, ಅದು ಅಲರ್ಜಿ. ಮಲದಲ್ಲಿ ರಕ್ತ, ತೂಕ ಇಳಿಯೋದು, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ಇದ್ಯಾವುದಿದ್ರೂ ನೇರ ಡಾಕ್ಟರ್ ಹತ್ರ ಹೋಗಿ. ಪುಟ್ಟ ಮಕ್ಕಳ ಮೇಲೂ ಈ ಪರೀಕ್ಷೆ ಬೇಡ.