ಕಾವಿಗೆ ಕೂತ ಹೇಂಟೆಯ ಲೆಕ್ಕ

ನಾಟಿಕೋಳಿ ಸಾಕುವವರ ಮನೆಯಲ್ಲಿ ಸಾಮಾನ್ಯವಾಗಿ ಕೇಳುವ ದೂರು ಒಂದೇ: "ಹದಿನೈದು ಮೊಟ್ಟೆ ಇಡ್ತು, ಆಮೇಲೆ ಮೂಲೆ ಹಿಡಿದು ಕೂತ್ಬಿಡ್ತು." ಫಾರಂ ಕೋಳಿ ವರ್ಷಕ್ಕೆ ಮುನ್ನೂರು ಮೊಟ್ಟೆ ಇಡುವಾಗ ಹಿತ್ತಲ ಹೇಂಟೆ ಅರವತ್ತು ಎಪ್ಪತ್ತಕ್ಕೆ ಸುಸ್ತಾಗುತ್ತದೆ. ಇದನ್ನು ಸೋಮಾರಿತನ ಎಂದುಕೊಂಡವರು ಕೋಳಿ ಬದಲಿಸುತ್ತಾರೆ. ಆದರೆ ಹತ್ತಡಿ ಹಿತ್ತಲು, ದಿನಕ್ಕೆ ಎರಡು ಬಿಂದಿಗೆ ನೀರು, ಅಡುಗೆಮನೆಯ ಮುಸುರೆ ಇಷ್ಟೇ ಇರುವ ಮನೆಗೆ ದುಡ್ಡು ತರುವುದು ಹೇಂಟೆಯ ಮೊಟ್ಟೆಗಿಂತ ಹೆಚ್ಚಾಗಿ ಅದು ಕೂರುವ ಕಾವು.

ಒಂದು ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ ಇಪ್ಪತ್ತು ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಹೀಗಾಗಿ ದಿನಕ್ಕೊಂದರ ಮೇಲೆ ಇಡಲು ಯಾವ ಕೋಳಿಗೂ ಆಗದು. ನಾಟಿ ಹೇಂಟೆ ಒಂದೆರಡು ದಿನ ಬಿಟ್ಟು ಬಿಟ್ಟು ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟ ಹೊತ್ತಿಗೆ ಗೂಡಿನಲ್ಲಿರುವ ಮೊಟ್ಟೆಗಳನ್ನು ಕಣ್ಣು ನೋಡುತ್ತಿರುತ್ತದೆ, ಎದೆಯ ಚರ್ಮ ಮುಟ್ಟುತ್ತಿರುತ್ತದೆ. ಈ ನೋಟ, ಈ ಸ್ಪರ್ಶ ಮಿದುಳಿನ ಬುಡದಲ್ಲಿರುವ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತವೆ. ಅದು ಏರುತ್ತಿದ್ದಂತೆ ಅಂಡಾಶಯ ಕುಗ್ಗಿ ಮೊಟ್ಟೆ ನಿಲ್ಲುತ್ತದೆ. ಎದೆಯ ಪುಕ್ಕ ಉದುರಿ ಚರ್ಮ ಬಿಸಿಯಾಗುತ್ತದೆ. ಹತ್ತಿರ ಹೋದರೆ ಪುಕ್ಕ ಉಬ್ಬಿಸಿ 'ಕ್ರೊಕ್ ಕ್ರೊಕ್' ಎಂದು ಕುಟುಕಲು ಬರುತ್ತದೆ. ಫಾರಂ ತಳಿಗಳಲ್ಲಿ ಈ ಗುಣವನ್ನು ತಲೆಮಾರುಗಟ್ಟಲೆ ಆರಿಸಿ ಆರಿಸಿ ತೆಗೆದುಹಾಕಿದ್ದಾರೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹುಟ್ಟಿದ ಗಿರಿರಾಜದಲ್ಲೂ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಗಿರಿರಾಜ ಮರಿ ಬೇಕೆಂದರೆ ಮತ್ತೆ ಪೇಟೆಗೇ ಹೋಗಬೇಕು, ಇಲ್ಲವೇ ಅದರ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡಬೇಕು.

ಕೂರಿಸುವ ಮೊಟ್ಟೆಗಳು ಕೆಡುವುದು ಕಾವಿಗೆ ಕೂರುವುದಕ್ಕೆ ಮುಂಚೆಯೇ ಎನ್ನುವುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಮೊಟ್ಟೆಯೊಳಗಿನ ಜೀವಾಂಕುರ ಸುಮಾರು 20 ಡಿಗ್ರಿಗಿಂತ ತಂಪಾದ ಕಡೆ ಮಲಗಿರುತ್ತದೆ. ಬೇಸಿಗೆಯ ಅಡುಗೆಮನೆಯ ಬುಟ್ಟಿಯಲ್ಲಿ 32 ಡಿಗ್ರಿ ಇದ್ದರೆ ಅದು ಅರೆಬರೆ ಎದ್ದು ಬೆಳೆಯತೊಡಗುತ್ತದೆ. ಪೂರ್ತಿ ಬೆಳೆಯುವಷ್ಟು ಶಾಖವಿಲ್ಲದೆ ಅಲ್ಲೇ ಸಾಯುತ್ತದೆ. ಹೊರಗಿನಿಂದ ಮೊಟ್ಟೆ ಚೆನ್ನಾಗಿಯೇ ಕಾಣುತ್ತದೆ. ಅಗಲ ಬಾಯಿಯ ಮಣ್ಣಿನ ಪಾತ್ರೆಗೆ ಒದ್ದೆ ಮರಳು ಹಾಕಿ, ಮೇಲೊಂದು ಒಣ ಬಟ್ಟೆ ಹಾಸಿ, ಅದರ ಮೇಲೆ ಮೊಟ್ಟೆಯ ಚೂಪು ತುದಿ ಕೆಳಗೆ ಬರುವಂತೆ ಇಡುವ ಪದ್ಧತಿ ಇದಕ್ಕೇ. ಮರಳಿನ ನೀರು ಆವಿಯಾಗುವಾಗ ಪಾತ್ರೆ ತಣ್ಣಗಾಗುತ್ತದೆ. ಹಾಗಿಟ್ಟರೂ ಏಳು ದಿನಕ್ಕಿಂತ ಹಳೆಯ ಮೊಟ್ಟೆಯನ್ನು ಕೂರಿಸದಿರುವುದು ಒಳ್ಳೆಯದು. ಮೊದಲಿಟ್ಟವನ್ನು ಮಾರಿ ಅಥವಾ ತಿಂದು, ಕೊನೆಯವನ್ನು ಉಳಿಸಿಕೊಳ್ಳಬೇಕು. ಸಂಖ್ಯೆ ಸಾಲದಿದ್ದರೆ ಅದೇ ವಾರ ಬೇರೆ ಹೇಂಟೆಗಳು ಇಟ್ಟದ್ದನ್ನು ಸೇರಿಸಬಹುದು. ಹನ್ನೆರಡಕ್ಕಿಂತ ಹೆಚ್ಚಿಟ್ಟರೆ ಅಂಚಿನವಕ್ಕೆ ಎದೆಯ ಶಾಖ ತಾಕುವುದಿಲ್ಲ.

ಗೂಡಿಗೆ ಒಲೆಬೂದಿ ಹರಡಿ ಒಣಹುಲ್ಲು ಹಾಸುತ್ತಾರೆ. ಬೂದಿ ಇಲ್ಲದ ಗೂಡಿನಲ್ಲಿ ಹೇನು ಮುತ್ತಿ ಕೋಳಿ ಅರ್ಧಕ್ಕೇ ಎದ್ದು ಹೋಗುವುದುಂಟು. ಹೇಂಟೆ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಎದ್ದು ತಿಂದು, ಕುಡಿದು, ಒಂದು ದೊಡ್ಡ ಹಿಕ್ಕೆ ಹಾಕಿ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಮೊಟ್ಟೆಗಳನ್ನು ಅದು ದಿನಕ್ಕೆ ಹಲವು ಸಲ ಕೊಕ್ಕಿನಿಂದ ಉರುಳಿಸುತ್ತಿರುತ್ತದೆ. ಉರುಳಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ.

ಏಳನೆಯ ರಾತ್ರಿ ಕತ್ತಲಲ್ಲಿ ಮೊಬೈಲಿನ ಟಾರ್ಚನ್ನು ಮೊಟ್ಟೆಯ ಅಗಲ ತುದಿಗೆ ಹಿಡಿಯಿರಿ. ಬೆರಳುಗಳಿಂದ ಸುತ್ತ ಬೆಳಕು ಸೋರದಂತೆ ಮುಚ್ಚಿ. ಒಳಗೆ ಜೇಡನ ಕಾಲಿನಂತೆ ಕೆಂಪು ನರಗಳು ಹರಡಿದ್ದರೆ ಮರಿ ಬೆಳೆಯುತ್ತಿದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಹುಂಜ ಕೂಡಿಲ್ಲ, ಅಥವಾ ಅಂಕುರ ಮೊದಲೇ ಹೋಗಿದೆ. ಕೆಂಪು ಉಂಗುರ ಮಾತ್ರ ಕಂಡರೆ ಬೆಳೆಯತೊಡಗಿ ಸತ್ತದ್ದು. ಕೊನೆಯ ಎರಡನ್ನೂ ತೆಗೆದುಬಿಡಬೇಕು. ಬಿಟ್ಟರೆ ಕೊಳೆತು ಒಡೆದು ಇಡೀ ಗೂಡನ್ನು ಕೆಡಿಸುತ್ತವೆ. ಹನ್ನೆರಡರಲ್ಲಿ ಆರು ತಿಳಿ ಮೊಟ್ಟೆ ಬಂದರೆ ಮೊದಲು ಮೊಟ್ಟೆ ಇಟ್ಟುಕೊಂಡ ಜಾಗ, ಆಮೇಲೆ ಹುಂಜ, ಈ ಕ್ರಮದಲ್ಲಿ ಅನುಮಾನಿಸಬೇಕು. ನಮ್ಮ ಜನ ಹುಂಜನನ್ನೇ ಮೊದಲು ಕೊಯ್ದುಬಿಡುತ್ತಾರೆ!

ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರುತ್ತವೆ. ಒಂದೊಂದು ಮರಿಯ ಹೊಟ್ಟೆಯಲ್ಲೂ ಉಳಿದ ಹಳದಿಯ ಬುತ್ತಿ ಇರುವುದರಿಂದ ಮೊದಲ ದಿನ ಅದು ಹಸಿವಿಗೆ ಸಾಯುವುದಿಲ್ಲ. ಕೊನೆಯ ಮೊಟ್ಟೆ ಒಡೆಯುವವರೆಗೂ ಹೇಂಟೆ ಏಳದೆ ಕೂರಲು ಸಾಧ್ಯವಾಗುವುದು ಈ ಬುತ್ತಿಯಿಂದಲೇ.

ಈಗ ಒಂದು ಲೆಕ್ಕ ಮಾಡೋಣ. ಹನ್ನೆರಡು ಮೊಟ್ಟೆಯಲ್ಲಿ ಎರಡು ಟಾರ್ಚಿಗೆ ಸಿಕ್ಕು ಹೋದವು, ಒಂದು ಒಡೆಯಲಿಲ್ಲ, ಒಂಬತ್ತು ಮರಿ ಬಂದವು ಎಂದಿಟ್ಟುಕೊಳ್ಳಿ. ಮೊದಲ ದಿನದಿಂದಲೇ ತಾಯಿಯ ಜೊತೆ ಬಯಲಿಗೆ ಬಿಟ್ಟರೆ ಹದ್ದು, ಕಾಗೆ, ಬೆಕ್ಕು, ಮುಂಗುಸಿ, ಮಳೆಯ ತಂಡಿಗೆ ಐದು ಹೋಗಿ ನಾಲ್ಕು ಉಳಿದರೆ ಅದೇ ಪುಣ್ಯ. ಅದರ ಬದಲು ನಾಲ್ಕು ವಾರ ಮರಿಗಳನ್ನು ಮಂಕರಿಯ ಕೆಳಗೆ ಇಟ್ಟು, ನುಚ್ಚು, ಗೆದ್ದಲು, ಸಣ್ಣ ತಟ್ಟೆಯಲ್ಲಿ ನೀರು ಕೊಟ್ಟರೆ ಏಳು ಉಳಿಯಬಹುದು. ತಟ್ಟೆಯೊಳಗೆ ಬೆಣಚುಕಲ್ಲು ಹಾಕಬೇಕು, ಇಲ್ಲವಾದರೆ ಮರಿ ಅದರಲ್ಲೇ ಮುಳುಗುತ್ತದೆ. ಐದು ತಿಂಗಳಿಗೆ ಒಂದೊಂದಕ್ಕೆ 450 ರೂಪಾಯಿ ಎಂದರೂ ಹೆಚ್ಚಿಗೆ ಉಳಿದ ಆ ಮೂರು ಮರಿ 1350 ರೂಪಾಯಿ. ನುಚ್ಚಿನ ಖರ್ಚು ಮುನ್ನೂರು ಕಳೆಯಿರಿ. ಇನ್ನು, ಹೇಂಟೆಯನ್ನು ಕೂರಿಸದೆ ಮೊಟ್ಟೆಗೇ ಇಟ್ಟುಕೊಂಡಿದ್ದರೆ ಅಷ್ಟು ದಿನದಲ್ಲಿ ಹೆಚ್ಚೆಂದರೆ ಮೂವತ್ತು ಮೊಟ್ಟೆ ಸಿಗುತ್ತಿತ್ತು. ಹನ್ನೆರಡು ರೂಪಾಯಿಯಂತೆ 360.

ಹಾಗೆಂದು ಎಲ್ಲ ಹೇಂಟೆಗಳನ್ನೂ ಕೂರಿಸಬಾರದು. ಹಿತ್ತಲಿನ ಹುಳ, ಗೆದ್ದಲು, ಮುಸುರೆ ಎಷ್ಟು ಬಾಯಿಗೆ ಸಾಲುತ್ತದೋ ಅಷ್ಟೇ ಕೋಳಿ. ಸಂಜೆ ಗೂಡಿಗೆ ಬಂದ ಕೋಳಿಯ ಕತ್ತಿನ ಬುಡ ಮುಟ್ಟಿ ನೋಡಿ. ಅಲ್ಲಿ ಕಾಳು ತುಂಬಿದ ಉಂಡೆ ಸಿಗದೆ ಸಡಿಲವಾಗಿದ್ದರೆ ಬಾಯಿ ಹೆಚ್ಚಾಗಿವೆ ಎಂದರ್ಥ. ನಾಲ್ಕು ಹೇಂಟೆಯಿದ್ದರೆ ಒಂದನ್ನು ಕೂರಿಸಿ, ಉಳಿದವು ಕಾವಿಗೆ ಬಂದಾಗ ಬಿಡಿಸಬಹುದು. ಹುಲ್ಲಿಲ್ಲದ, ಕೆಳಗಿನಿಂದ ಗಾಳಿಯಾಡುವ ಪಟ್ಟಿ ತಳದ ಪಂಜರದಲ್ಲಿ ಮೂರು ನಾಲ್ಕು ದಿನ ಇಟ್ಟರೆ ಎದೆ ತಣ್ಣಗಾಗುತ್ತದೆ, ಮೊಟ್ಟೆಯ ಸ್ಪರ್ಶವೂ ತಪ್ಪುತ್ತದೆ, ಹಾರ್ಮೋನು ಇಳಿಯುತ್ತದೆ. ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆ. ನೀರಿನ ಕುಡಿಕೆಯನ್ನು ಮಾತ್ರ ಒಳಗಿಡಲು ಮರೆಯಬಾರದು. ಹೇಂಟೆಗೆ ದಿನಕ್ಕೆ ಕಾಲು ಲೀಟರು ಸಾಕು.

ಈ ಲೆಕ್ಕವನ್ನೆಲ್ಲ ಒಂದೇ ವಾರದಲ್ಲಿ ಅಳಿಸಿಹಾಕುವುದು ಕೊಕ್ಕರೆ ರೋಗ. ಹಸಿರು ಭೇದಿ, ಬಾಯಿ ತೆರೆದು ಏದುಸಿರು, ತಿರುಚಿದ ಕತ್ತು. ಇದು ವೈರಸ್ಸಿನಿಂದ ಬರುವುದು, ಬಂದ ಮೇಲೆ ಮದ್ದಿಲ್ಲ. ಒಂದು ವಾರದ ಮರಿಯ ಕಣ್ಣಿಗೋ ಮೂಗಿಗೋ ಲಸಿಕೆಯ ಒಂದು ಹನಿ, ನಾಲ್ಕನೆಯ ವಾರ ಮತ್ತೊಂದು ಸಲ, ಎಂಟನೆಯ ವಾರ ರೆಕ್ಕೆಯ ಬುಡದ ಚರ್ಮದಡಿ ಸೂಜಿ. ಕಾಯಿಲೆ ಕಂಡ ಮೇಲೆ ಹಾಕಿದ ಲಸಿಕೆ ದಂಡ. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆಯಾಗಿ ಕಟ್ಟದಿದ್ದರೆ ರೋಗ ಮನೆ ಸೇರುವುದು ಆ ದಾರಿಯಲ್ಲೇ. ಊರಲ್ಲಿ ರೋಗ ಬಿತ್ತೆಂದು ತೂಕಡಿಸುವ ಕೋಳಿಗಳನ್ನು ಸಂತೆಗೆ ಸಾಗಿಸುವವರಿಗೇನೂ ಬರವಿಲ್ಲ.

ತೊಡಕೆಂದರೆ ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಗೆ ಆಗುವಷ್ಟು ಬರುತ್ತದೆ. ಅದರಲ್ಲಿರುವುದು ಬದುಕಿರುವ ವೈರಸ್ಸು, ಬಿಸಿಲಿಗೆ ಸಾಯುತ್ತದೆ. ಐಸಿನ ಫ್ಲಾಸ್ಕಿನಲ್ಲಿ ತಂದು, ಕಲಸಿದ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂಬತ್ತು ಮರಿಯ ಮನೆಗೆ ತೊಂಬತ್ತೊಂದು ಹನಿ ಪೋಲು. ಹಾಗಾಗಿ ಬೀದಿಯ ಏಳೆಂಟು ಮನೆಯವರು ಹೇಂಟೆಗಳನ್ನು ಒಂದೇ ವಾರದಲ್ಲಿ ಕಾವಿಗೆ ಕೂರಿಸಿದರೆ ಮರಿಗಳೂ ಒಂದೇ ವಾರಕ್ಕೆ ಬರುತ್ತವೆ, ಒಂದೇ ಸೀಸೆ ಎಲ್ಲರಿಗೂ ಆಗುತ್ತದೆ. ಲಸಿಕೆಯ ದಿನ ಬೆಳಗ್ಗೆ ಗೂಡಿನ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಹನಿ ಹಾಕಿಬಿಡಬೇಕು. ಬಾಗಿಲು ತೆರೆದ ಮೇಲೆ ಮರಿ ಹಿಡಿಯುವುದಕ್ಕೇ ಆ ಎರಡು ಗಂಟೆ ಹೋಗಿಬಿಡುತ್ತದೆ.